ಸ್ಕಾಲರ್‌ಶಿಪ್ ಅರ್ಜಿ ಮೇಲ್ ಮಾಡೋವಾಗ ಮೇಲಲ್ಲಿ ಏನ್ ಬರೀಬೇಕು, ಪೇಪರ್‌ಗಳನ್ನ ಯಾವ ಕ್ರಮದಲ್ಲಿ ಇಡಬೇಕು

ಎಸ್‌ಎಸ್‌ಪಿ, ಎನ್‌ಎಸ್‌ಪಿ ತರದ ಸರ್ಕಾರಿ ಪೋರ್ಟಲ್‌ಗಳಲ್ಲಿ ಈ ತಲೆನೋವಿಲ್ಲ, ಅಲ್ಲಿ ಯಾವ ಕಾಲಂಗೆ ಏನು ಹಾಕ್ಬೇಕು ಅಂತ ಅವರೇ ಕೇಳ್ತಾರೆ, ಅಪ್‌ಲೋಡ್ ಮಾಡಿದ್ರೆ ಮುಗೀತು. ಇಲ್ಲಿ ಹೇಳ್ತಿರೋದು ಖಾಸಗಿ ಟ್ರಸ್ಟು, ಸಮಾಜ, ಸಂಘ ಇವು ಕೊಡೋ ಸ್ಕಾಲರ್‌ಶಿಪ್ ಬಗ್ಗೆ. "ಅರ್ಜಿ ಭರ್ತಿ ಮಾಡಿ ದಾಖಲೆಗಳ ಸಮೇತ ಈ ಇಮೇಲಿಗೆ ಕಳಿಸಿ" ಅಂತ ಒಂದು ಸಾಲು ಹಾಕಿ ಬಿಟ್ಟಿರ್ತಾರಲ್ಲ, ಅಂಥವು. ನಮ್ಮ ಕಡೆ ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ ಎಲ್ಲಾ ಕಡೆ ಇಂಥವು ಜೂನ್‌ನಿಂದ ಶುರುವಾಗುತ್ತೆ. ಬರೋ ಮೇಲ್‌ಗಳು ಹೇಗಿರುತ್ತೆ ಅಂದ್ರೆ ಸಬ್ಜೆಕ್ಟ್ ಖಾಲಿ, ಒಳಗೆ "ಸರ್ ಪ್ಲೀಸ್ ಫೈಂಡ್ ಅಟ್ಯಾಚ್ಡ್", ಕೆಳಗೆ ವಾಟ್ಸಾಪ್‌ನಿಂದ ಇಳಿಸ್ಕೊಂಡ ಹದಿನಾಲ್ಕು ಫೋಟೋ, ಅದರಲ್ಲಿ ಎರಡು ಅಡ್ಡ, ಒಂದು ತಲೆಕೆಳಗು.

ಆ ಕಡೆ ಕೂತಿರೋರು ಏನ್ ಮಾಡ್ತಾರೆ ಅಂತ ಮೊದಲು ಗೊತ್ತಿರ್ಬೇಕು. ಒಬ್ರು ಎಕ್ಸೆಲ್ ಶೀಟ್ ಓಪನ್ ಮಾಡ್ಕೊಂಡು ಕೂತಿರ್ತಾರೆ, ಹೆಸರು, ಕೋರ್ಸು, ಮಾರ್ಕ್ಸು, ಆದಾಯ, ಫೀಸು, ಬ್ಯಾಂಕ್ ಅಕೌಂಟು ಅಂತ ಕಾಲಂ ಇರುತ್ತೆ, ಒಂದೊಂದು ಅರ್ಜಿಗೂ ಒಂದು ಸಾಲು. ನಿಮ್ಮ ಮೇಲ್ ನೋಡ್ತಾ ನೋಡ್ತಾ ಆ ಸಾಲು ತುಂಬ್ಬೇಕು, ತುಂಬಿದ್ದು ಸರಿನಾ ಅಂತ ಪಿಡಿಎಫ್‌ನಲ್ಲಿ ನೋಡಿ ಟಿಕ್ ಹಾಕ್ಬೇಕು, ಅಷ್ಟೇ ಅವರ ಕೆಲಸ. ಅಂದ್ಮೇಲೆ ಮೇಲಲ್ಲಿ ನೀವು ಹೇಳೋ ಒಂದೊಂದು ಮಾತಿಗೂ ಪಿಡಿಎಫ್‌ನಲ್ಲಿ ಒಂದು ಪುಟ ಇರ್ಬೇಕು, ಮತ್ತೆ ಮೇಲಲ್ಲಿ ಯಾವ ಕ್ರಮದಲ್ಲಿ ಹೇಳಿದೀರೋ ಪಿಡಿಎಫ್‌ನಲ್ಲೂ ಅದೇ ಕ್ರಮದಲ್ಲಿ ಬರ್ಬೇಕು. ಇದೊಂದು ಹಿಡ್ಕೊಂಡ್ರೆ ಏನು ಬರೀಬೇಕು, ಹೇಗೆ ಜೋಡಿಸ್ಬೇಕು ಎರಡೂ ಒಟ್ಟಿಗೇ ತೀರ್ಮಾನ ಆಗುತ್ತೆ.

ಕ್ರಮ ಅಂದ್ರೆ ಇಷ್ಟೇ: ಯಾರು, ಏನು ಓದ್ತಿದಾರೆ, ಮನೆ ಪರಿಸ್ಥಿತಿ ಏನು, ಎಷ್ಟು ಬೇಕು, ದುಡ್ಡು ಎಲ್ಲಿಗೆ ಹಾಕ್ಬೇಕು. ನೋಟೀಸಲ್ಲಿ ಅವರೇ ಬೇರೆ ಕ್ರಮ ಕೊಟ್ಟಿದ್ರೆ ಮಾತ್ರ ಕಣ್ಮುಚ್ಕೊಂಡು ಅವರದ್ದನ್ನೇ ಫಾಲೋ ಮಾಡಿ, ಅವರು ಒಂದರಿಂದ ಒಂಬತ್ತು ಅಂತ ನಂಬರ್ ಹಾಕಿದ್ರೆ ನಿಮ್ದೂ ಒಂದರಿಂದ ಒಂಬತ್ತು.

ಒಂದು ಕೇಸ್ ಇಟ್ಕೊಂಡು ನೋಡೋಣ, ಸುಮ್ನೆ ಹೇಳಿದ್ರೆ ತಲೆಗೆ ಹೋಗಲ್ಲ. ದೇಚಮ್ಮ ಅಂತ ಒಬ್ಬ ಹುಡುಗಿ ಅಂದ್ಕೊಳ್ಳಿ, ನಾಪೋಕ್ಲು ಕಡೆಯವಳು, ಮೈಸೂರಲ್ಲಿ ಬಿಇ ಎರಡನೇ ವರ್ಷಕ್ಕೆ ಸೇರಿದಾಳೆ. ಅಪ್ಪಂಗೆ ಸ್ವಲ್ಪ ಕಾಫಿ ತೋಟ, ಅಮ್ಮ ಮನೇಲೇ. ಟ್ರಸ್ಟಿನವರು ಕೇಳಿರೋದು ಅರ್ಜಿ ಫಾರಂ, ಆಧಾರ್, ಮಾರ್ಕ್ಸ್ ಕಾರ್ಡ್, ಸ್ಟಡಿ ಸರ್ಟಿಫಿಕೇಟ್, ಆದಾಯ ಪ್ರಮಾಣ ಪತ್ರ, ಜಮೀನಿದ್ರೆ ಆರ್‌ಟಿಸಿ, ಫೀಸ್ ರಶೀದಿ, ಪಾಸ್‌ಬುಕ್. ಇವಳ ಪೇಪರ್‌ಗಳಲ್ಲಿ ಎರಡು ತೊಡಕಿದೆ, ಎರಡೂ ನಮ್ಮ ಜಿಲ್ಲೇಲಿ ಮಾಮೂಲಿ.

ಮೊದಲನೇದು ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ "ದೇಚಮ್ಮ ಎಂ ಬಿ" ಅಂತಿದೆ, ಎಂ ಅಂದ್ರೆ ಮನೆ ಹೆಸರು, ಬಿ ಅಂದ್ರೆ ಅಪ್ಪ ಬೋಪಣ್ಣ. ಆಧಾರಲ್ಲಿ "ದೇಚಮ್ಮ ಬೋಪಣ್ಣ". ಬ್ಯಾಂಕಲ್ಲಿ "ಎಂ ಬಿ ದೇಚಮ್ಮ". ಕೊಡಗಿನವರಿಗೆ ಇದು ಮೂರೂ ಒಬ್ಬಳೇ ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ, ಆದ್ರೆ ಟ್ರಸ್ಟಿನ ಆಫೀಸು ಬೆಂಗಳೂರಲ್ಲಿದ್ದು ಅಲ್ಲಿನ ಹುಡುಗ ಚೆಕ್ ಮಾಡ್ತಿದ್ರೆ ಅವನಿಗೆ ಇದು ಮೂರು ಜನ. ಅವನು ಫೋನ್ ಮಾಡಿ ಕೇಳ್ತಾನೆ ಅಂತ ಕಾಯ್ಬೇಡಿ, ನೂರಾರು ಅರ್ಜಿ ಇದ್ರೆ ಯಾರೂ ಕೇಳಲ್ಲ, "ನೇಮ್ ಮಿಸ್‌ಮ್ಯಾಚ್" ಅಂತ ಪಕ್ಕಕ್ಕಿಡ್ತಾನೆ. ಇದನ್ನ ಮೇಲಲ್ಲೇ ಒಂದು ಸಾಲಲ್ಲಿ ಬಿಡಿಸಿ ಹೇಳಿ, ನೋಟರಿ ಅಫಿಡವಿಟ್ ಒಂದು ಮಾಡ್ಸಿ ಪಿಡಿಎಫ್‌ನಲ್ಲಿ ಆಧಾರ್ ಆದ ತಕ್ಷಣ ಇಡಿ. ಎಷ್ಟೋ ಜನ ಅಫಿಡವಿಟ್ ಮಾಡ್ಸಿರ್ತಾರೆ, ತಗೊಂಡ್ ಹೋಗಿ ಕೊನೇ ಪುಟಕ್ಕೆ ಹಾಕ್ತಾರೆ. ನೋಡೋರಿಗೆ ಡೌಟ್ ಬರೋದು ಮೂರನೇ ಪುಟದಲ್ಲಿ, ಉತ್ತರ ಹದಿನೈದನೇ ಪುಟದಲ್ಲಿದ್ರೆ ಪ್ರಯೋಜನ ಇಲ್ಲ. ವಿವರಣೆ ಕೊಡೋ ಪೇಪರ್ ಯಾವತ್ತೂ ಡೌಟ್ ಹುಟ್ಟಿಸೋ ಪೇಪರ್‌ನ ಬೆನ್ನಿಗೇ ಬರ್ಬೇಕು.

ಎರಡನೇದು ಆರ್‌ಟಿಸಿ, ಇದು ಇನ್ನೂ ಕಷ್ಟ. ಜಮ್ಮ ಜಾಗ ಆಗಿದ್ರೆ ಎಷ್ಟೋ ಕಡೆ ಪಹಣಿ ಇನ್ನೂ ಒಕ್ಕದ ಪಟ್ಟೇದಾರರ ಹೆಸರಲ್ಲೇ ಇರುತ್ತೆ, ವಿಸ್ತೀರ್ಣ ಇಡೀ ಒಕ್ಕದ್ದು. ದೇಚಮ್ಮನ ಅಪ್ಪ ಅನುಭವಿಸ್ತಿರೋದು ಎರಡೂವರೆ ಎಕರೆ, ಪಹಣೀಲಿ ಕಾಣೋದು ಹದಿನೆಂಟು ಎಕರೆ, ಅದೂ ದೊಡ್ಡಜ್ಜನ ಹೆಸರಲ್ಲಿ. ಹೊರಗಿನವರು ನೋಡಿದ್ರೆ ಎರಡೇ ಅರ್ಥ ಬರುತ್ತೆ, ಒಂದೋ ಇದು ಇವರ ಜಾಗವೇ ಅಲ್ಲ, ಇಲ್ಲಾ ಹದಿನೆಂಟು ಎಕರೆ ಕಾಫಿ ಎಸ್ಟೇಟ್ ಇರೋರು ಒಂದು ಲಕ್ಷ ಆದಾಯ ಅಂತ ಸುಳ್ಳು ಸರ್ಟಿಫಿಕೇಟ್ ತಂದಿದಾರೆ. ಎರಡ್ರಲ್ಲಿ ಯಾವುದು ಅಂದ್ಕೊಂಡ್ರೂ ಅರ್ಜಿ ಹೋಯ್ತು. ಇದಕ್ಕೆ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸ್ಕೊಳ್ಳಿ, ಅದರಲ್ಲಿ ಪಟ್ಟೇದಾರರಿಂದ ನಿಮ್ಮ ಅಪ್ಪನ ತನಕ ಸಂಬಂಧ ಬರೋ ಹಾಗಿರ್ಲಿ, ಅದನ್ನ ಪಹಣಿ ಆದ್ಮೇಲೆ ಇಡಿ. ಮೇಲಲ್ಲಿ ಇದಕ್ಕೆ ಎರಡು ಸಾಲು ಖರ್ಚು ಮಾಡಿದ್ರೂ ತಪ್ಪಿಲ್ಲ. ಜಮ್ಮ ಹಿಡುವಳಿ ಅಂದ್ರೆ ಏನು, ಯಾವ ಕಾಲದಿಂದ ಬಂತು ಅಂತೆಲ್ಲ ಇತಿಹಾಸ ಬೇಡ, ಪಹಣಿ ಯಾರ ಹೆಸರಲ್ಲಿದೆ, ನಮ್ಮ ಪಾಲು ಎಷ್ಟು, ಅಷ್ಟು ಸಾಕು.

ಈಗ ಮೇಲ್. ಸಬ್ಜೆಕ್ಟ್ ಲೈನಲ್ಲಿ ಯೋಜನೆ ಹೆಸರು, ವರ್ಷ, ನಿಮ್ಮ ಹೆಸರು, ಕೋರ್ಸು. "ಅಪ್ಲಿಕೇಶನ್" ಅಂತ ಮಾತ್ರ ಹಾಕಿದ್ರೆ ಎಲ್ಲಾ ಮೇಲೂ ಒಂದೇ ತರ ಕಾಣುತ್ತೆ, ಆಮೇಲೆ ನೀವು ಫೋನ್ ಮಾಡಿ ಕೇಳಿದ್ರೂ ಅವರಿಗೆ ಹುಡ್ಕಕ್ಕಾಗಲ್ಲ. ಹೆಸರು ಅರ್ಜಿ ಫಾರಂನಲ್ಲಿರೋ ಸ್ಪೆಲ್ಲಿಂಗಲ್ಲೇ ಇರ್ಲಿ. ಭಾಷೆ ಕನ್ನಡನಾ ಇಂಗ್ಲಿಷಾ ಅಂತ ತಲೆ ಕೆಡಿಸ್ಕೋಬೇಡಿ, ನೋಟೀಸ್ ಯಾವ ಭಾಷೇಲಿದೆಯೋ ಅದರಲ್ಲೇ ಬರೀರಿ.

ದೇಚಮ್ಮನ ಮೇಲ್ ಹೀಗಿರ್ಬಹುದು:

> ವಿಷಯ: ವಿದ್ಯಾರ್ಥಿವೇತನ ಅರ್ಜಿ, ಪ್ರಸಕ್ತ ಸಾಲು – ದೇಚಮ್ಮ ಎಂ ಬಿ – ಬಿಇ ಎರಡನೇ ವರ್ಷ
>
> ಮಾನ್ಯರೇ,
>
> ಈ ಸಾಲಿನ ನಿಮ್ಮ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುತ್ತಿದ್ದೇನೆ (ಪುಟ 1–2). ನಾನು ನಾಪೋಕ್ಲಿನವಳು, ಮೈಸೂರಿನಲ್ಲಿ ಬಿಇ ಎರಡನೇ ವರ್ಷಕ್ಕೆ ಸೇರಿದ್ದೇನೆ. ಮಾರ್ಕ್ಸ್ ಕಾರ್ಡಿನಲ್ಲಿ ದೇಚಮ್ಮ ಎಂ ಬಿ, ಆಧಾರಿನಲ್ಲಿ ದೇಚಮ್ಮ ಬೋಪಣ್ಣ, ಬ್ಯಾಂಕಿನಲ್ಲಿ ಎಂ ಬಿ ದೇಚಮ್ಮ ಎಂದಿರುವುದು ನಾನೇ; ಅಫಿಡವಿಟ್ ಇಟ್ಟಿದ್ದೇನೆ (ಪುಟ 3–4).
>
> ಮೊದಲ ಸೆಮಿಸ್ಟರ್ ಎಸ್‌ಜಿಪಿಎ 8.1, ಎರಡನೇ ಸೆಮಿಸ್ಟರ್ 7.9, ಬಾಕಿ ವಿಷಯ ಇಲ್ಲ (ಪುಟ 5–6). ಪಿಯುಸಿ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಕಾಲೇಜಿನ ಸ್ಟಡಿ ಸರ್ಟಿಫಿಕೇಟ್ ಇವೆ (ಪುಟ 7–9).
>
> ಕುಟುಂಬದ ವಾರ್ಷಿಕ ಆದಾಯ ರೂ. 1,10,000; ಪ್ರಮಾಣ ಪತ್ರದ ಸಂಖ್ಯೆ ಅರ್ಜಿಯಲ್ಲೂ ಇದೆ (ಪುಟ 10). ಜಮೀನು ಜಮ್ಮ, ಪಹಣಿ ಒಕ್ಕದ ಪಟ್ಟೇದಾರರ ಹೆಸರಿನಲ್ಲಿದೆ, ಒಟ್ಟು 18 ಎಕರೆ. ನಮ್ಮ ತಂದೆಯ ಅನುಭವದಲ್ಲಿರುವುದು ಎರಡೂವರೆ ಎಕರೆ. ವಂಶವೃಕ್ಷ ಇಟ್ಟಿದ್ದೇನೆ (ಪುಟ 11–12).
>
> ಈ ವರ್ಷದ ಕಾಲೇಜು ಫೀಸು ರೂ. 96,000. ಕಟ್ಟಿದ್ದು 40,000, ಬಾಕಿ 56,000 (ಪುಟ 13–14). ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೇನೆ, ಇನ್ನೂ ಮಂಜೂರಾಗಿಲ್ಲ. ಬೇರೆ ಯಾವ ವಿದ್ಯಾರ್ಥಿವೇತನವೂ ಬರುತ್ತಿಲ್ಲ.
>
> ಬ್ಯಾಂಕ್ ವಿವರ ಪುಟ 15ರಲ್ಲಿದೆ. ಎಲ್ಲ ದಾಖಲೆಗಳೂ ಒಂದೇ ಪಿಡಿಎಫ್‌ನಲ್ಲಿವೆ, ಒಟ್ಟು 15 ಪುಟ.
>
> ಇಂತಿ,
> ದೇಚಮ್ಮ ಎಂ ಬಿ
> (ಮೊಬೈಲ್ ನಂಬರ್, ಇನ್ನೊಂದು ನಂಬರ್, ಪೂರ್ತಿ ವಿಳಾಸ)

ಇಷ್ಟೇ. "ನಾನು ಬಡ ಕುಟುಂಬದಿಂದ ಬಂದವಳು, ಚಿಕ್ಕಂದಿನಿಂದ ಇಂಜಿನಿಯರ್ ಆಗೋ ಕನಸು" ಅಂತ ಎಲ್ಲೂ ಇಲ್ಲ ನೋಡಿ. ಅದಕ್ಕೆ ಕೆಲವು ಟ್ರಸ್ಟ್‌ಗಳು ಬೇರೆ ಪತ್ರ ಕೇಳ್ತಾರೆ, ಕೇಳಿದ್ರೆ ಅಲ್ಲಿ ಬರೀರಿ, ಅದು ಅರ್ಜಿ ಫಾರಂ ಆದ್ಮೇಲೆ ಬರುತ್ತೆ. ಮೇಲಲ್ಲಿ ಅದನ್ನ ತುರುಕಿದ್ರೆ ಆದಾಯ ಎಷ್ಟು ಅನ್ನೋ ಅಂಕಿ ಮೂರನೇ ಪ್ಯಾರಾದ ಮಧ್ಯದಲ್ಲಿ ಎಲ್ಲೋ ಮುಚ್ಚಿಹೋಗುತ್ತೆ.

ಈ ಮೇಲಲ್ಲಿ ಕೆಲವು ಜಾಗ ಸ್ವಲ್ಪ ಬಿಡಿಸಿ ಹೇಳ್ಬೇಕು. ಮಾರ್ಕ್ಸ್ ವಿಷಯ ತಗೊಳ್ಳಿ, ಕಾರ್ಡಲ್ಲಿ ಎಸ್‌ಜಿಪಿಎ ಅಂತ ಪ್ರಿಂಟ್ ಆಗಿದ್ರೆ ಅದನ್ನೇ ಬರೀರಿ, ಹತ್ತರಿಂದ ಗುಣಿಸಿ ಪರ್ಸೆಂಟೇಜ್ ಅಂತ ನೀವೇ ಮಾಡ್ಕೋಬೇಡಿ, ಯಾಕಂದ್ರೆ ಪರ್ಸೆಂಟೇಜ್‌ಗೆ ಬದಲಾಯಿಸೋ ಸೂತ್ರ ಎಲ್ಲಾ ಯೂನಿವರ್ಸಿಟಿಗೂ ಒಂದೇ ಅಲ್ಲ. ಫಾರಂನಲ್ಲಿ ಪರ್ಸೆಂಟೇಜೇ ಬೇಕು ಅಂದ್ರೆ ನಿಮ್ಮ ಯೂನಿವರ್ಸಿಟಿ ಸೂತ್ರ ನೋಡಿ ಲೆಕ್ಕ ಹಾಕಿ, ಯಾವ ಸೂತ್ರ ಅಂತಲೂ ಪಕ್ಕದಲ್ಲಿ ಬರೀರಿ. ಮಾರ್ಕ್ಸ್ ಕಾರ್ಡ್‌ಗಳ ಕ್ರಮದಲ್ಲಿ ಈಗಿನ ಕೋರ್ಸಿನದ್ದು ಮೊದಲು, ಎಸ್‌ಎಸ್‌ಎಲ್‌ಸಿ ಕೊನೆಗೆ. ಅವರು ಮೊದಲು ನೋಡೋದು ಈಗ ಹೇಗೆ ಓದ್ತಿದಾಳೆ ಅಂತ, ಎಸ್‌ಎಸ್‌ಎಲ್‌ಸಿ ಬೇಕಾಗೋದು ಹೆಚ್ಚಾಗಿ ಹುಟ್ಟಿದ ದಿನಾಂಕ ನೋಡಕ್ಕೆ. ಒಂದು ಸಬ್ಜೆಕ್ಟ್ ಬಾಕಿ ಉಳಿಸ್ಕೊಂಡು ಆಮೇಲೆ ಪಾಸ್ ಮಾಡಿದ್ರೆ ಎರಡೂ ಕಾರ್ಡ್ ಇಡಿ, ಫೇಲಾದದ್ದು ಮತ್ತೆ ಅದರ ಹಿಂದೇನೇ ಪಾಸಾದದ್ದು, ಮುಚ್ಚಿಡೋಕೆ ಹೋದ್ರೆ ಒಂದು ಸೆಮಿಸ್ಟರಿನ ಕಾರ್ಡೇ ಇಲ್ಲ ಅಂತ ಕಾಣುತ್ತೆ.

ಆದಾಯ ಪ್ರಮಾಣ ಪತ್ರ ನಾಡಕಚೇರಿದು, ಅದರಲ್ಲಿ RD ಅಂತ ಶುರುವಾಗೋ ಒಂದು ನಂಬರ್ ಇರುತ್ತಲ್ಲ, ಅದು ಮುಖ್ಯ, ಆ ನಂಬರ್ ಹಾಕಿ ಆನ್‌ಲೈನಲ್ಲಿ ಸರ್ಟಿಫಿಕೇಟ್ ನಿಜನಾ ಅಂತ ಯಾರ್ ಬೇಕಾದ್ರೂ ನೋಡ್ಬಹುದು. ಸ್ಕ್ಯಾನಲ್ಲಿ ಆ ನಂಬರ್ ಮಸುಕಾಗಿದ್ರೆ ಆ ಪುಟ ಇದ್ದೂ ಇಲ್ದಂಗೆ. ಆದಾಯ ಪತ್ರಕ್ಕೆ ನಮ್ಮ ರಾಜ್ಯದಲ್ಲಿ ಐದು ವರ್ಷ ಅವಧಿ ಇದೆ, ಆದ್ರೂ ಕೆಲವು ಟ್ರಸ್ಟಿನವರು ಇದೇ ವರ್ಷದ್ದು ಬೇಕು ಅಂತಾರೆ, ನೋಟೀಸಲ್ಲಿ ಆ ಒಂದು ಪದ ಇದೆಯಾ ಅಂತ ನೋಡ್ಕೊಳ್ಳಿ.

ಫೀಸಿನ ಸಾಲಲ್ಲಿ ಮೂರು ಅಂಕಿ ಇರ್ಲೇಬೇಕು, ಒಟ್ಟು, ಕಟ್ಟಿದ್ದು, ಬಾಕಿ. ರಶೀದಿ ಮಾತ್ರ ಇಟ್ರೆ ನೀವು 40,000 ಕಟ್ಟಿದ್ದು ಗೊತ್ತಾಗುತ್ತೆ, ಇನ್ನೂ 56,000 ಬೇಕು ಅನ್ನೋದು ಗೊತ್ತಾಗಲ್ಲ, ಪೂರ್ತಿ ಫೀಸು 40,000ನೇ ಅಂದ್ಕೊಂಡು ಮುಂದೆ ಹೋಗ್ತಾರೆ. ಅದಕ್ಕೆ ಕಾಲೇಜಿನ ಫೀಸ್ ಸ್ಟ್ರಕ್ಚರ್ ಮೊದಲು, ರಶೀದಿ ಅದರ ಹಿಂದೆ. ಹಾಸ್ಟೆಲ್, ಬಸ್ಸು ಇವನ್ನ ಕಾಲೇಜು ಫೀಸಿಗೆ ಸೇರಿಸಿ ಒಂದೇ ಮೊತ್ತ ಮಾಡ್ಬೇಡಿ, ಕೆಲವು ಕಡೆ ಟ್ಯೂಶನ್ ಫೀಸಿಗೆ ಮಾತ್ರ ಕೊಡ್ತಾರೆ. ಬೇರೆ ಸ್ಕಾಲರ್‌ಶಿಪ್ ಬಗ್ಗೆ ಅವರು ಕೇಳ್ದೇ ಇದ್ರೂ ಹೇಳ್ಬಿಡಿ, ಬರ್ತಿದ್ರೆ ಎಷ್ಟು ಬರ್ತಿದೆ, ಅರ್ಜಿ ಹಾಕಿ ಕಾಯ್ತಿದ್ರೆ ಕಾಯ್ತಿದೀನಿ ಅಂತ. ಕೊಟ್ಟ ಮೇಲೆ ಗೊತ್ತಾದ್ರೆ ವಾಪಸ್ ಕೇಳೋ ಟ್ರಸ್ಟ್‌ಗಳಿವೆ.

ಬ್ಯಾಂಕ್ ಪುಟ ಕೊನೇಲಿ ಬರುತ್ತೆ, ಯಾಕಂದ್ರೆ ಅದನ್ನ ಯಾರಾದ್ರೂ ನೋಡೋದು ಮಂಜೂರಾದ ಮೇಲೇನೇ. ಇಲ್ಲೊಂದು ವಿಚಾರ. ಹಳೇ ಪಾಸ್‌ಬುಕ್ ಇಡೋ ಮುಂಚೆ ಬ್ಯಾಂಕಿನ ಹೆಸರು ನೋಡಿ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರ್ತು, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾಗೆ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರ್ತು, ಅವುಗಳ ಹಳೇ ಐಎಫ್‌ಎಸ್‌ಸಿ ಈಗ ನಡೆಯಲ್ಲ. ನಮ್ಮೂರುಗಳಲ್ಲಿ ಈ ಬ್ಯಾಂಕುಗಳ ಹಳೇ ಪಾಸ್‌ಬುಕ್ ಇನ್ನೂ ಎಷ್ಟೋ ಮನೇಲಿ ಬೀರು ಒಳಗಿದೆ, ಚಿಕ್ಕಂದಿನಲ್ಲಿ ಮಾಡಿಸಿದ ಅಕೌಂಟ್ ಅಂತ ಅದನ್ನೇ ಸ್ಕ್ಯಾನ್ ಮಾಡಿ ಇಡ್ತಾರೆ. ಐಎಫ್‌ಎಸ್‌ಸಿ SYNB ಅಂತ ಶುರುವಾದ್ರೆ ಅದು ಸಿಂಡಿಕೇಟ್ ಕಾಲದ್ದು, ಕೆನರಾದ್ದು CNRB ಅಂತ ಇರುತ್ತೆ. ಬ್ರಾಂಚಿಗೆ ಹೋಗಿ ಹೊಸ ಪಾಸ್‌ಬುಕ್ ಪ್ರಿಂಟ್ ಮಾಡಿಸ್ಕೊಳ್ಳಿ. ಹೆಚ್ಚು ಕಾಲ ವ್ಯವಹಾರ ಮಾಡ್ದೇ ಬಿಟ್ಟಿರೋ ಅಕೌಂಟಾದ್ರೆ ಚಾಲ್ತೀಲಿದೆಯಾ ಅಂತಲೂ ಆಗ್ಲೇ ಕೇಳ್ಬಿಡಿ.

ಆಧಾರ್ ಕಳಿಸೋವಾಗ ಮಾಸ್ಕ್ಡ್ ಆಧಾರ್ ಸಾಕಾಗುತ್ತಾ ಅಂತ ನೋಡಿ, ಅದರಲ್ಲಿ ಮೊದಲ ಎಂಟು ಅಂಕಿ ಮುಚ್ಚಿರುತ್ತೆ, ಕೊನೇ ನಾಲ್ಕು ಕಾಣುತ್ತೆ. ಡೌನ್‌ಲೋಡ್ ಮಾಡಿದ ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುತ್ತೆ, ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಕ್ಯಾಪಿಟಲ್‌ನಲ್ಲಿ, ಆಮೇಲೆ ಹುಟ್ಟಿದ ವರ್ಷ. ಅದನ್ನ ಹಾಗೇ ಅಟ್ಯಾಚ್ ಮಾಡಿದ್ರೆ ಆ ಕಡೆಯವರಿಗೆ ಓಪನ್ನೇ ಆಗಲ್ಲ. ನೀವೇ ಓಪನ್ ಮಾಡಿ, ಪ್ರಿಂಟ್ ಅಂತ ಹೋಗಿ ಪಿಡಿಎಫ್ ಆಗಿ ಮತ್ತೆ ಸೇವ್ ಮಾಡಿದ್ರೆ ಪಾಸ್‌ವರ್ಡ್ ಇಲ್ದಿರೋ ಕಾಪಿ ಸಿಗುತ್ತೆ, ಅದನ್ನ ಜೋಡಿಸಿ.

ಸ್ಕ್ಯಾನ್‌ಗೆ ಫೋನೇ ಸಾಕು, ಆದ್ರೆ ಕ್ಯಾಮೆರಾದಲ್ಲಿ ಫೋಟೋ ತೆಗೆಯೋದಲ್ಲ, ಗೂಗಲ್ ಡ್ರೈವ್ ಆಪ್‌ನಲ್ಲಿ ಸ್ಕ್ಯಾನ್ ಅಂತ ಇದೆ, ಅದು ಅಂಚು ಕತ್ತರಿಸಿ ನೇರ ಮಾಡಿ ಪಿಡಿಎಫ್ ಕೊಡುತ್ತೆ. ಮಳೆಗಾಲದಲ್ಲಿ ಮಧ್ಯಾಹ್ನವೇ ಕತ್ತಲೆ ಇರುತ್ತಲ್ಲ ನಮ್ಮಲ್ಲಿ, ಬಲ್ಬ್ ಕೆಳಗೆ ಹಿಡಿದ್ರೆ ಕೈಯ ನೆರಳು ಸೀಲ್ ಮೇಲೇನೇ ಬೀಳುತ್ತೆ, ಕಿಟಕಿ ಪಕ್ಕ ಇಟ್ಟು ತೆಗೀರಿ. ಕಲರಲ್ಲೇ ಇರ್ಲಿ, ನೀಲಿ ಸೀಲು, ಸಹಿ ಕಾಣ್ಬೇಕು. ಲ್ಯಾಮಿನೇಟ್ ಮಾಡಿಸಿರೋ ಮಾರ್ಕ್ಸ್ ಕಾರ್ಡ್ ಹೊಳೆಯುತ್ತೆ, ಸ್ವಲ್ಪ ಓರೆ ಮಾಡಿ ಬೆಳಕು ತಪ್ಪಿಸ್ಬೇಕು. ಎಲ್ಲಾ ಸೇರಿಸಿ ಒಂದು ಪಿಡಿಎಫ್, ಪ್ರತಿ ಪುಟದ ಮೂಲೇಲಿ ನಂಬರ್, ಇಲ್ದಿದ್ರೆ ಮೇಲಲ್ಲಿ ಪುಟ 11 ಅಂತ ಹೇಳಿದ್ದಕ್ಕೆ ಅರ್ಥ ಇಲ್ಲ. ಸ್ಕ್ಯಾನ್ ಮಾಡೋ ಮುಂಚೆ ಜೆರಾಕ್ಸ್ ಮೇಲೆ ಪೆನ್ನಲ್ಲಿ ಬರೆದ್ರೂ ಆಗುತ್ತೆ, ಒರಿಜಿನಲ್ ಮೇಲೆ ಮಾತ್ರ ಬರೀಬೇಡಿ. ಫೈಲ್ ಹೆಸರು `scan0023.pdf` ಅಂತ ಇರೋದು ಬೇಡ, `Dechamma_MB_BE2.pdf` ಅಂತ ಇರ್ಲಿ, ಅವರು ಇಳಿಸಿ ಒಂದೇ ಫೋಲ್ಡರ್‌ಗೆ ಹಾಕ್ದಾಗ ಯಾರದ್ದು ಅಂತ ಗೊತ್ತಾಗ್ಬೇಕು.

ಸೈಜ್ ವಿಷಯ: ಜಿಮೇಲ್ 25 ಎಂಬಿ ತನಕ ಬಿಡುತ್ತೆ, ಆದ್ರೆ ಮೇಲಲ್ಲಿ ಹೋಗೋವಾಗ ಫೈಲು ಮೂರನೇ ಒಂದು ಭಾಗದಷ್ಟು ದೊಡ್ಡದಾಗುತ್ತೆ, ಮತ್ತೆ ಆ ಕಡೆಯವರ ಸರ್ವರ್ ಅಷ್ಟು ತಗೊಳ್ಳುತ್ತೆ ಅಂತ ಏನಿಲ್ಲ. ಹದಿನೈದು ಪುಟ ಐದು ಎಂಬಿ ಒಳಗೆ ಆರಾಮಾಗಿ ಬರುತ್ತೆ. ಡ್ರೈವ್ ಲಿಂಕ್ ಅವರಾಗೇ ಕೇಳಿದ್ರೆ ಮಾತ್ರ ಕೊಡಿ, ಪರ್ಮಿಶನ್ ಕೊಡೋದು ಮರೆತಿದ್ರೆ ಅವರಿಗೆ ಕಾಣೋದು "ಆಕ್ಸೆಸ್ ಕೇಳಿ" ಅನ್ನೋ ಪೇಜ್ ಅಷ್ಟೇ, ನೀವು ನೆಟ್‌ವರ್ಕ್ ಇಲ್ದಿರೋ ಜಾಗದಲ್ಲಿದ್ರೆ ಆ ರಿಕ್ವೆಸ್ಟ್ ಯಾವಾಗ ನೋಡ್ತೀರೋ.

ಅದಕ್ಕೇ ಎರಡನೇ ಫೋನ್ ನಂಬರ್ ಕೊಡಿ ಅಂದಿದ್ದು. ಜುಲೈ, ಆಗಸ್ಟಲ್ಲಿ ಕರೆಂಟ್ ಹೋದ್ರೆ ಟವರೂ ಹೋಗುತ್ತೆ, ಟ್ರಸ್ಟಿನವರು ಫೋನ್ ಮಾಡಿದ್ರೆ ಸ್ವಿಚ್ ಆಫ್. ಪೇಟೇಲಿರೋ ಚಿಕ್ಕಪ್ಪಂದೋ, ಹಾಸ್ಟೆಲ್ ಫ್ರೆಂಡ್‌ದೋ ನಂಬರ್ ಹಾಕಿ ಅವರಿಗೂ ಹೇಳಿಡಿ. ಸೈಬರ್‌ನವರ ಐಡಿಯಿಂದ ಕಳಿಸ್ಬೇಡಿ, ಉತ್ತರ ಅವರಿಗೆ ಹೋಗುತ್ತೆ, ಅವರ ಇನ್‌ಬಾಕ್ಸಲ್ಲಿ ನಿಮ್ಮಂಥವರದ್ದು ಎಷ್ಟಿದೆಯೋ. ಸ್ಕ್ಯಾನು ಅಲ್ಲೇ ಮಾಡಿಸಿ, ಮೇಲ್ ಮಾತ್ರ ನಿಮ್ಮ ಐಡಿಯಿಂದ ಹೋಗ್ಲಿ, ಬರೋವಾಗ ಅವರ ಕಂಪ್ಯೂಟರಿಂದ ಲಾಗೌಟ್ ಆಗಿ ಫೈಲ್ ಡಿಲೀಟ್ ಮಾಡ್ಸಿ. ಮೊದಲು ಅದೇ ಮೇಲನ್ನ ನಿಮಗೇ ಒಂದ್ಸಲ ಕಳಿಸ್ಕೊಂಡು ಬೇರೆಯವರ ಫೋನಲ್ಲಿ ಓಪನ್ ಮಾಡಿ, ಹದಿನೈದೂ ಪುಟ ಬಂತಾ, ಪಾಸ್‌ವರ್ಡ್ ಕೇಳ್ತಾ, ಪಹಣಿ ಓದಕ್ಕಾಗುತ್ತಾ ಅಂತ ನೋಡಿ ಆಮೇಲೆ ಅವರಿಗೆ ಕಳಿಸಿ.

ಒಂದು ಪೇಪರ್ ಇನ್ನೂ ಕೈಗೆ ಬಂದಿಲ್ಲ ಅಂದ್ರೆ ಏನ್ ಮಾಡೋದು ಅಂತ ತುಂಬಾ ಜನ ಕೇಳ್ತಾರೆ. ವಂಶವೃಕ್ಷವೇ ಬಂದಿಲ್ಲ ಅಂದ್ಕೊಳ್ಳಿ, ಕೊನೇ ದಿನ ನಾಳೆ. ಹನ್ನೆರಡನೇ ಪುಟ ತೆಗೆದು ಹಿಂದಿನದನ್ನೆಲ್ಲ ಮುಂದಕ್ಕೆ ತಳ್ಳಬೇಡಿ. ಆ ಜಾಗದಲ್ಲಿ ಒಂದು ಬಿಳಿ ಹಾಳೇಲಿ "ವಂಶವೃಕ್ಷ – ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಲಾಗಿದೆ, ಬಂದ ಕೂಡಲೇ ಕಳಿಸಲಾಗುವುದು" ಅಂತ ಬರೆದು, ಅರ್ಜಿ ಕೊಟ್ಟಾಗ ಸಿಕ್ಕ ಸ್ವೀಕೃತಿ ಚೀಟಿನ ಅದೇ ಹಾಳೆಗೆ ಅಂಟಿಸಿ ಸ್ಕ್ಯಾನ್ ಮಾಡಿ. ಮೇಲಲ್ಲೂ ಆ ಸಾಲು ಬದಲಾಯಿಸಿ, ಯಾವ ದಿನದೊಳಗೆ ಕಳಿಸ್ತೀನಿ ಅಂತ ಹಾಕಿ, ಚೀಟೀಲಿ ಕೊಟ್ಟಿರೋ ದಿನಕ್ಕಿಂತ ಒಂದು ವಾರ ಮುಂದಕ್ಕೇ ಹಾಕಿ. ಪೇಪರ್ ಬಂದ ದಿನ ಹೊಸ ಮೇಲ್ ಶುರು ಮಾಡ್ಬೇಡಿ, ಮೊದಲು ಕಳಿಸಿದ ಮೇಲನ್ನೇ ತೆಗೆದು ಅದಕ್ಕೆ ರಿಪ್ಲೈ ಅಂತ ಒತ್ತಿ ಕಳಿಸಿ, ಕಳಿಸೋ ಮುಂಚೆ ಟು ಜಾಗದಲ್ಲಿ ಅವರ ಐಡಿ ಬಂದಿದೆಯಾ ಅಂತ ನೋಡ್ಕೊಳ್ಳಿ. ಆ ಒಂದು ಪುಟ ಮಾತ್ರ ಅಟ್ಯಾಚ್ ಮಾಡಿ "ಪುಟ 12ಕ್ಕೆ" ಅಂತ ಬರೆದ್ರೆ ಸಾಕು, ಹದಿನೈದು ಪುಟದ ಫೈಲ್ ಇನ್ನೊಂದ್ಸಲ ಬೇಡ, ಎರಡು ಫೈಲ್ ಬಂದ್ರೆ ಯಾವುದು ಸರಿ ಅಂತ ಅವರು ಮತ್ತೆ ಮೊದಲಿಂದ ನೋಡ್ಬೇಕಾಗುತ್ತೆ.